ಬಾಗುವ ಮಂಡಿಗೆ ಬೇಕಾದದ್ದು ಬಲ

ಐಮಂಗಲದಿಂದ ಹಿರಿಯೂರಿಗೆ ಬಸ್ಸಿನಲ್ಲಿ ಹೋಗಿ ಭರತನಾಟ್ಯ ಕಲಿಯುವ ಹದಿನಾಲ್ಕರ ಹುಡುಗಿ ನಮ್ಮ ಬೀದಿಯವಳು. ಹೆಬ್ಬೆರಳನ್ನು ಮಡಿಸಿ ಮುಂಗೈಗೆ ತಾಗಿಸುತ್ತಾಳೆ. ಮಂಡಿ ಬಗ್ಗಿಸದೆ ಎರಡೂ ಅಂಗೈಗಳನ್ನು ನೆಲಕ್ಕೆ ಊರುತ್ತಾಳೆ. ನೋಡಿದವರಿಗೆಲ್ಲ ಮೆಚ್ಚುಗೆ. ಆದರೆ ಕ್ಲಾಸು ಮುಗಿಸಿ ಬಂದ ರಾತ್ರಿ ಅವಳ ಮಂಡಿ, ಹರಡು, ಸೊಂಟದ ಸಂದು ನೋಯುತ್ತವೆ. "ಮೈ ಬಿಗಿದುಕೊಂಡಿದೆ ಕಣಮ್ಮ, ಇನ್ನೊಂದಿಷ್ಟು ಎಳೆದರೆ ಸರಿಹೋಗುತ್ತೆ" ಎಂದು ಕಾಲು ಚಾಚಿ ಮತ್ತೆ ಸ್ಟ್ರೆಚಿಂಗ್‌ಗೆ ಕೂರುತ್ತಾಳೆ. ನೋವು ಬೆಳೆಯುತ್ತಿರುವುದು ಅಲ್ಲಿಯೇ.

ಕೀಲು ಎಷ್ಟು ಸಡಿಲ ಎಂದು ಅಳೆಯಲು ವೈದ್ಯರು ಬೇಟನ್ ಅಂಕ ಎಂಬ ಸರಳ ಪರೀಕ್ಷೆ ಮಾಡುತ್ತಾರೆ. ಒಟ್ಟು ಅಂಕ 9. ಕಿರುಬೆರಳು, ಹೆಬ್ಬೆರಳು, ಮೊಣಕೈ, ಮಂಡಿ ಇವು ಎರಡೂ ಪಕ್ಕದಲ್ಲಿ ಮಿತಿ ಮೀರಿ ಬಾಗಿದರೆ ಎಂಟು, ಅಂಗೈ ನೆಲಕ್ಕೆ ಊರಿದರೆ ಒಂಬತ್ತನೆಯದು. ಮೈನೆರೆದ ಮೇಲೆ 5 ಅಥವಾ ಹೆಚ್ಚು, ಅದಕ್ಕೂ ಮೊದಲು 6 ಅಥವಾ ಹೆಚ್ಚು ಬಂದರೆ ಮೈಯಿಡೀ ಕೀಲು ಸಡಿಲ ಎಂದು ಲೆಕ್ಕ. ಈ ಹುಡುಗಿಯದು 7. ಇದು ಕಾಯಿಲೆಯಲ್ಲ, ಇಷ್ಟೇ ಸಡಿಲವಿದ್ದೂ ಯಾವ ನೋವೂ ಇಲ್ಲದ ಮಕ್ಕಳು ಬೇಕಾದಷ್ಟಿದ್ದಾರೆ.

ಮೂಳೆಗೂ ಮೂಳೆಗೂ ಕಟ್ಟು ಹಾಕುವ ಅಸ್ಥಿರಜ್ಜು ಇಂಥವರಲ್ಲಿ ಹುಟ್ಟಿನಿಂದಲೇ ಮೆದು. ಕೀಲು ಅಂಚಿಗೆ ಹೋದಾಗ ಅದು ಗಟ್ಟಿಯಾಗಿ ತಡೆಯುವುದಿಲ್ಲ, ಆ ಹೊರೆಯೆಲ್ಲ ಸುತ್ತಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ಅವು ದಿನವಿಡೀ ಹಿಡಿದುಕೊಂಡೇ ಇರುತ್ತವೆ. ಹುಡುಗಿಗೆ ಬಿಗಿತ ಅನ್ನಿಸುವುದು ಎಷ್ಟೋ ಸಲ ಈ ಹಿಡಿತವೇ. ಸ್ಟ್ರೆಚಿಂಗ್ ಮಾಡಿದರೆ ಒಂದರ್ಧ ಗಂಟೆ ಹಾಯೆನಿಸುತ್ತದೆ, ಆಮೇಲೆ ಕೀಲನ್ನು ಕಾಯಲು ಸ್ನಾಯು ಮತ್ತೆ ಬಿಗಿಯುತ್ತದೆ.

ನಾಟಡವು ಹಾಕುವಾಗ ಅವಳ ಕಾಲನ್ನು ಪಕ್ಕದಿಂದ ನೋಡಿ. ಹಿಮ್ಮಡಿ ಊರಿ ಚಾಚಿದ ಕಾಲು ನೇರವಾಗಿ ನಿಲ್ಲುವುದಿಲ್ಲ, ಮಂಡಿ ಹಿಂದಕ್ಕೆ ಬಿಲ್ಲಿನಂತೆ ಬಾಗಿ ಅಲ್ಲಿಯೇ ಜೋತುಬೀಳುತ್ತದೆ. ಅರಮಂಡಿಯಲ್ಲಿ ಇನ್ನೊಂದು ತೊಂದರೆ. ಕಾಲು ಹೊರಳಬೇಕಾದದ್ದು ಸೊಂಟದ ಸಂದಿನಿಂದ. ಅಷ್ಟು ಹೊರಳುವ ಬಲವಿಲ್ಲದಿದ್ದರೆ ಪಾದವನ್ನು ಮಾತ್ರ ಹೊರಕ್ಕೆ ತಿರುಗಿಸುತ್ತಾಳೆ. ಮಂಡಿ ಒಳಕ್ಕೆ ಉಳಿಯುತ್ತದೆ, ಅಂಗಾಲಿನ ಕಮಾನು ಕುಸಿಯುತ್ತದೆ. ಆ ಸ್ಥಿತಿಯಲ್ಲಿ ಸಿಮೆಂಟ್ ನೆಲದ ಮೇಲೆ ತಟ್ಟಡವು ಹಾಕಿದರೆ ಪ್ರತಿ ತಟ್ಟೂ ಮಂಡಿಯನ್ನು ತಿರುಚುತ್ತದೆ. ಪಾದದ ತಿರುವನ್ನು ಕಡಿಮೆ ಮಾಡಿ, ಮಂಡಿ ಎರಡನೇ ಬೆರಳಿನ ನೇರಕ್ಕೆ ಬರುವಷ್ಟೇ ಕೂರಲಿ. ಅರಮಂಡಿ ಸ್ವಲ್ಪ ಮೇಲೆ ಉಳಿದರೆ ನಷ್ಟವಿಲ್ಲ.

ಫಿಸಿಯೋಥೆರಪಿಸ್ಟ್ ನೋಡಿದ ಮೇಲೆ ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಕನ್ನಡಿಯ ಮುಂದೆ ಬರಿಗಾಲಲ್ಲಿ, ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡದೆ ಕೂದಲೆಳೆಯಷ್ಟು ಸಡಿಲ ಬಿಟ್ಟು, ಒಂಟಿ ಕಾಲಲ್ಲಿ 20 ರಿಂದ 30 ಸೆಕೆಂಡ್ ನಿಲ್ಲಬೇಕು. ಅಲುಗಾಡದೆ ನಿಂತರೆ, ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕು. ಸಡಿಲ ಕೀಲಿನವರಿಗೆ ತಮ್ಮ ಮಂಡಿ ಎಲ್ಲಿದೆ ಎಂಬ ಅರಿವೇ ಮಂದವಾಗಿರುವುದುಂಟು, ಈ ಅಭ್ಯಾಸ ಅದನ್ನು ಚುರುಕು ಮಾಡುತ್ತದೆ. ಆಮೇಲೆ ಗೋಡೆ ಹಿಡಿದು ಎರಡು ಎಣಿಸುತ್ತ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತ ಇಳಿಸುವುದು ಹತ್ತು ಸಲ. ಹರಡು ಹೊರಕ್ಕೆ ವಾಲಬಾರದು. ಕೊನೆಗೆ ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತಿ ಐದು ಸೆಕೆಂಡ್ ಹಿಡಿಯುವುದು. ಇವನ್ನು ವಾರಕ್ಕೆ ಮೂರು ದಿನ ಮಾಡಿದರೆ ಸಾಕು. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಅವಸರಪಟ್ಟು ಸಂಖ್ಯೆ ಏರಿಸಬಾರದು. ಅಭ್ಯಾಸದಿಂದಾದ ನೋವು ಮಾರನೇ ದಿನದೊಳಗೆ ಇಳಿದರೆ ಸರಿ, ಇಳಿಯದಿದ್ದರೆ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ.

ಕೀಲು ಊದಿ ಬೆಚ್ಚಗಾದರೆ, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಮರಗಟ್ಟಿದಂತಿದ್ದರೆ, ಕೀಲು ಜಾರಿ ತಪ್ಪಿದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ, ಚರ್ಮ ವಿಪರೀತ ಹಿಗ್ಗುತ್ತಿದ್ದರೆ ಮನೆಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಿ. ಅದರ ಹಿಂದೆ ಸಂಧಿವಾತವೋ ಇನ್ನೇನೋ ಇದ್ದೀತು.

ನೃತ್ಯ ಬಿಡಿಸುವ ಅಗತ್ಯವಿಲ್ಲ. ಗುರುಗಳಲ್ಲಿ ಒಂದೇ ಕೋರಿಕೆ: ಇಂಥ ಮಗುವಿನ ಬೆನ್ನನ್ನೋ ತೊಡೆಯನ್ನೋ ಕೈಯಿಂದ ಒತ್ತಿ ಇನ್ನಷ್ಟು ಬಗ್ಗಿಸಬೇಡಿ, ಮೈಬಾಗುವುದನ್ನು ಬೇರೆ ಮಕ್ಕಳಿಗೆ ಮಾದರಿಯಾಗಿ ಪದೇ ಪದೇ ಮಾಡಿಸಬೇಡಿ. ಉಳಿದವರು ಸ್ಟ್ರೆಚಿಂಗ್‌ಗೆ ಕೂತ ಹತ್ತು ನಿಮಿಷ ಅವಳು ಒಂಟಿ ಕಾಲಲ್ಲಿ ನಿಂತು ಅಭ್ಯಾಸ ಮಾಡಲಿ.