ಕಂಪನಿ ಹೆಸರಿನ್ಯಾಗ ಬಾಡಿಗಿ ಕರಾರು

ನಮ್ಮ ಬೆಂಗಳೂರು ಮನಿಗೆ ಬರೂ ಹುಡುಗ, "ಆಂಟಿ, ಕರಾರು ಕಂಪನಿ ಹೆಸರಿನ್ಯಾಗ ಮಾಡ್ರಿ, ನಿಮ್ಮ ಪ್ಯಾನ್ ನಂಬರೂ ಕೊಡ್ರಿ" ಅಂದ. ಪ್ಯಾನ್ ಕೊಡಲಿಕ್ಕೆ ಅಂಜಬ್ಯಾಡ್ರಿ ಅಂತೀನಿ ನಾ. ಬಾಡಿಗಿ ತಿಂಗಳಿಗೆ 60,000. 50,000 ದಾಟಿದ್ರ ಕಂಪನಿ ನೂರಕ್ಕ 10 ತೆರಿಗಿ ಹಿಡಕೊಂಡು 54,000 ಕೊಡತದ. ಪ್ಯಾನ್ ಇಲ್ಲಂದ್ರ ನೂರಕ್ಕ 20 ಹಿಡೀತದ, ಕೈಗೆ 48,000. ಪ್ಯಾನ್ ಕೊಟ್ರನ ಹಿಡಿದ ರೊಕ್ಕ ನಮ್ಮ ತೆರಿಗಿ ಲೆಕ್ಕಕ್ಕ ಜಮಾ ಆಗತದ. ರಿಟರ್ನ್ ತುಂಬುವಾಗ ಅದನ್ನ ವಜಾ ಮಾಡಕೋಬಹುದು.

ನಾ ಅಂಜೂದು ಸಹಿಗೆ. ಕಂಪನಿ ಪರವಾಗಿ ಸಹಿ ಹಾಕೋ ಅಧಿಕಾರ ಇದ್ದವರೇ ಹಾಕಬೇಕು. ಹುಡುಗ ಕೆಲಸ ಬಿಟ್ರ ಮನಿ ಎಂದು ಖಾಲಿ ಆಗತದ, ಅಲ್ಲೀತನಕ ಬಾಡಿಗಿ ಯಾರು ಕೊಡ್ತಾರ, ಡಿಪಾಜಿಟ್ ಯಾರಿಗೆ ವಾಪಸ್, ಇಷ್ಟು ಬರಿಸಿಕೊಂಡ ಮ್ಯಾಲೇ ನಾ ಸಹಿ ಹಾಕಾಕಿ.