ಎರಡು ಬಗೆಯ ಸವಕಳಿ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಾಗದ ಬರೆದು ಹೀಗೆ ಕೇಳಿದ್ದಾರೆ: “ಎರಡು ವರ್ಷಗಳ ಕೊನೆಗೆ ನ್ಯಾಸ್‌ಡ್ಯಾಕ್-100 ಸೂಚ್ಯಂಕವು ಮೊದಲಿಗಿಂತ ಕೆಳಗಿರಲಾರದೆಂದು ಎಣಿಸಿದ್ದೆ. ಎಣಿಕೆ ಸರಿಯಾಯಿತು, ಹಣ ಮಾತ್ರ ಪೂರ್ತಿ ಹೋಯಿತು. ಇದು ಹೇಗೆ, ಸರ್?”

ಅವರು ಕೊಂಡದ್ದು ಸೂಚ್ಯಂಕವನ್ನಲ್ಲ. ಅದರ ದಿನದಿನದ ಏರಿಳಿತವನ್ನು ಮೂರು ಪಟ್ಟು ಮಾಡಿ ಕೊಡುವ TQQQ ಎಂಬ ನಿಧಿಯ ಮೇಲಿನ ಕಾಲ್ ಆಪ್ಷನ್ನನ್ನು. ಕಾಲ್ ಆಪ್ಷನ್ ಎಂದರೆ, ಗೊತ್ತಾದ ಅವಧಿಯೊಳಗೆ ನಿಗದಿಯಾದ ಬೆಲೆಗೆ ಕೊಳ್ಳುವ ಹಕ್ಕು. ಆ ಹಕ್ಕಿಗಾಗಿ ಮುಂಗಡವಾಗಿ ತೆರುವ ಹಣವೇ ಪ್ರೀಮಿಯಮ್. ಅವಧಿಯ ಅಂತ್ಯದಲ್ಲಿ ನಿಧಿಯ ಬೆಲೆ ನಿಗದಿತ ಬೆಲೆಯನ್ನು ಮೀರದಿದ್ದರೆ ಹಕ್ಕಿಗೆ ಬೆಲೆಯೇ ಇಲ್ಲ.

ಮೊದಲನೆಯ ಸವಕಳಿ ಎಲ್ಲ ಆಪ್ಷನ್‌ಗಳಿಗೂ ಸಾಮಾನ್ಯವಾದದ್ದು. ಉಳಿದ ಕಾಲ ಕಡಮೆಯಾದಂತೆ ಬೆಲೆ ಏರುವ ಅವಕಾಶವೂ ಕಡಮೆಯಾಗುತ್ತದೆ. ನಿಗದಿತ ಬೆಲೆಯು ಪೇಟೆಯ ಬೆಲೆಗೆ ಸಮನಾಗಿರುವಾಗ, ಆಪ್ಷನ್ನಿನ ಮೌಲ್ಯವು ಸುಮಾರಾಗಿ ಉಳಿದ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ನಾಲ್ಕು ತಿಂಗಳಿರುವಾಗ 12 ಡಾಲರ್ ಬಾಳುವುದು, ಬೆಲೆ ಕದಲದಿದ್ದರೆ, ಒಂದು ತಿಂಗಳಿರುವಾಗ 6 ಡಾಲರ್ ಬಾಳುತ್ತದೆ. ಆ ಉಳಿದ 6 ಡಾಲರ್ ಕೊನೆಯ ಒಂದೇ ತಿಂಗಳಲ್ಲಿ ಕರಗಿಹೋಗುತ್ತದೆ.

ಎರಡನೆಯ ಸವಕಳಿ ನಿಧಿಯ ಒಳಗೇ ಇದೆ. ಸೂಚ್ಯಂಕವು ಒಂದು ದಿನ 100ರಿಂದ 110ಕ್ಕೆ ಏರಿ, ಮರುದಿನ 100ಕ್ಕೇ ಮರಳಿತೆನ್ನೋಣ. ಏರಿದ್ದು ಶೇಕಡಾ 10. ಇಳಿದದ್ದು ಶೇಕಡಾ 9.09. ನಿಧಿಯು ಮೊದಲ ದಿನ ಶೇಕಡಾ 30 ಏರಿ 130 ಆಗುತ್ತದೆ. ಮರುದಿನ ಶೇಕಡಾ 27.27 ಇಳಿದು 94.55ಕ್ಕೆ ನಿಲ್ಲುತ್ತದೆ. ಸೂಚ್ಯಂಕ ಏನೂ ಕಳೆದುಕೊಳ್ಳಲಿಲ್ಲ. ನಿಧಿ ಐದೂವರೆ ಪಾಲು ಕಳೆದುಕೊಂಡಿತು.

ಇದಕ್ಕೆ ಕಾರಣವೇನು? ಮೂರು ಪಟ್ಟಿನ ಪ್ರಮಾಣವನ್ನು ನಿಧಿಯು ಪ್ರತಿ ಸಂಜೆ ಹೊಸದಾಗಿ ಸರಿಪಡಿಸಿಕೊಳ್ಳಬೇಕು. ಏರಿದ ದಿನ ಅದರ ಸ್ವಂತ ಬಂಡವಾಳ 130, ಕೈಯಲ್ಲಿರುವ ವಹಿವಾಟು 330, ಇರಬೇಕಾದದ್ದು 390. ಆದುದರಿಂದ ಇನ್ನೂ 60ರಷ್ಟನ್ನು ಏರಿದ ಬೆಲೆಗೇ ಕೊಳ್ಳಬೇಕು. ಇಳಿದ ದಿನ ಇದೇ ಕಾರಣದಿಂದ ಇಳಿದ ಬೆಲೆಗೆ ಮಾರಬೇಕು.

ಈ ನಷ್ಟವು ಏರಿಳಿತದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ವಾರ್ಷಿಕ ಏರಿಳಿತವು ಶೇಕಡಾ 15 ಇದ್ದು ಸೂಚ್ಯಂಕವು ವರ್ಷಾಂತ್ಯಕ್ಕೆ ಇದ್ದಲ್ಲಿಯೇ ಇದ್ದರೆ, ಮೂರು ಪಟ್ಟಿನ ನಿಧಿ ಸುಮಾರು ಶೇಕಡಾ 6.5 ಸವೆಯುತ್ತದೆ. ಏರಿಳಿತ ಶೇಕಡಾ 30 ಆದರೆ ಸವಕಳಿ ಶೇಕಡಾ 24ರ ಹತ್ತಿರ. ಸಾಲದ ಬಡ್ಡಿ ಮತ್ತು ನಿರ್ವಹಣೆಯ ವೆಚ್ಚ ಬೇರೆ.

ಈಗ ನಮ್ಮ ವಿದ್ಯಾರ್ಥಿಯ ಲೆಕ್ಕವನ್ನು ನೋಡೋಣ. ಸೂಚ್ಯಂಕವು 2022ರಲ್ಲಿ ಸುಮಾರು ಶೇಕಡಾ 33 ಇಳಿದು, 2023ರಲ್ಲಿ ಸುಮಾರು ಶೇಕಡಾ 54 ಏರಿತು. ಒಟ್ಟಿನಲ್ಲಿ ಶೇಕಡಾ 3ರಷ್ಟು ಗಳಿಕೆ. ಅದೇ ಎರಡು ವರ್ಷಗಳಲ್ಲಿ ನಿಧಿಯು ಮೊದಲು ಶೇಕಡಾ 79 ಇಳಿದು, ಬಳಿಕ ಹೆಚ್ಚು ಕಡಮೆ ಮೂರು ಪಟ್ಟಾದರೂ ಆರಂಭದ ಬೆಲೆಯ ಐದರಲ್ಲಿ ಮೂರು ಪಾಲಿಗಷ್ಟೇ ಮುಟ್ಟಿತು. 2022ರ ಆರಂಭದ ಬೆಲೆಗೆ ನಿಗದಿಯಾಗಿದ್ದ ಅವರ ಹಕ್ಕು 2024ರ ಜನವರಿಯಲ್ಲಿ ಶೂನ್ಯವಾಯಿತು. ಕಾಲವು ಪ್ರೀಮಿಯಮನ್ನು ತಿನ್ನುತ್ತಿದ್ದಾಗಲೇ, ನಿಧಿಯು ನಿಗದಿತ ಬೆಲೆಯಿಂದ ದೂರ ದೂರ ಸರಿಯುತ್ತಿತ್ತು.

ಹಾಗಾದರೆ ಮಾರುವ ಹಕ್ಕಾದ ಪುಟ್ ಆಪ್ಷನ್ನನ್ನು ಕೊಂಡರೆ ಲಾಭ ಖಂಡಿತವೇ? ಅಲ್ಲ. ಮಾರುವವನಿಗೂ ಗಣಿತ ಬರುತ್ತದೆ. ನಿಧಿಯ ಏರಿಳಿತ ಮೂರು ಪಟ್ಟಾದುದರಿಂದ ಪ್ರೀಮಿಯಮ್ಮೂ ಸುಮಾರು ಮೂರು ಪಟ್ಟಾಗಿರುತ್ತದೆ. ಅಲ್ಲದೆ ಸೂಚ್ಯಂಕವು ಒಂದೇ ದಿಕ್ಕಿನಲ್ಲಿ ನಡೆದಾಗ ಚಕ್ರವೃದ್ಧಿಯು ನಿಧಿಗೆ ಅನುಕೂಲವೇ ಆಗುತ್ತದೆ. ಎರಡು ದಿನ ಶೇಕಡಾ 10ರಂತೆ ಏರಿದರೆ ಸೂಚ್ಯಂಕದ ಗಳಿಕೆ 21. ಅದರ ಮೂರು ಪಟ್ಟು 63. ನಿಧಿಯ ಗಳಿಕೆಯಾದರೋ 69.

ಆದುದರಿಂದ ಇವೆರಡೂ ಒಂದೇ ಬೇರಿನ ಎರಡು ಕವಲುಗಳೆಂಬುದು ನಮ್ಮ ಅಭಿಪ್ರಾಯ. ಆ ಬೇರು ಕಾಲ ಮತ್ತು ಏರಿಳಿತದ ವರ್ಗ ಇವುಗಳ ಗುಣಲಬ್ಧ. ಸೂಚ್ಯಂಕ ಎಲ್ಲಿಗೆ ಮುಟ್ಟುವುದೆಂದು ಬಲ್ಲವನು ಸೂಚ್ಯಂಕದ ಆಪ್ಷನ್ನನ್ನು ಕೊಳ್ಳಬಹುದು. ನಿಧಿಯ ಆಪ್ಷನ್ ಕೊಳ್ಳುವವನು ಅದು ಯಾವ ದಾರಿಯಲ್ಲಿ ಅಲ್ಲಿಗೆ ಹೋಗುವುದೆಂಬುದನ್ನೂ ಬಲ್ಲವನಾಗಿರಬೇಕು. ನಮ್ಮ ವಿದ್ಯಾರ್ಥಿಯು ಊರನ್ನು ಸರಿಯಾಗಿ ಹೇಳಿದರು; ದಾರಿಯ ಸುಂಕವನ್ನು ಎಣಿಸಲಿಲ್ಲ. ಅವರಿಗೆ ನಾವು ಬರೆದ ಉತ್ತರವೂ ಇಷ್ಟೇ.