ಸರಿಯೋ ತಪ್ಪೋ: ಒಂದು ಪದದ ಜಗಳ

"ಮಿಯಾಸಿಸ್‌ನ ಮೊದಲ ಅನಾಫೇಸ್‌ನಲ್ಲಿ ಸಿಸ್ಟರ್ ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ. ಸರಿಯೋ ತಪ್ಪೋ?"

ಮೊದಲ ವರ್ಷದವರಿಗೆ ನಾನು ಬಯಾಲಜಿ ಟ್ಯುಟೋರಿಯಲ್ ತೆಗೆದುಕೊಳ್ಳುವಾಗ ಈ ಪ್ರಶ್ನೆಗೆ ಗಲಾಟೆ ಗ್ಯಾರಂಟಿ. ಉತ್ತರ ತಪ್ಪು. 'ಮೊದಲ' ಅನ್ನೋದನ್ನ 'ಎರಡನೇ' ಅಂತ ಮಾಡಿದರೆ ಸರಿ. "ಇದು ಬಯಾಲಜಿ ಪರೀಕ್ಷೆನಾ, ಕಣ್ಣಿನ ಪರೀಕ್ಷೆನಾ?" ಅಂತ ಒಬ್ಬ ಹುಡುಗ ಕೇಳಿದ. ನಗು ಬಂತು, ಆದರೂ ನಾನು ಆ ಪ್ರಶ್ನೆಯ ಪರವೇ.

ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನ ಕಡೆಯದು, ಇನ್ನೊಂದು ಅಪ್ಪನ ಕಡೆಯದು. ವಿಭಜನೆಗೆ ಮುಂಚೆ ಪ್ರತಿಯೊಂದಕ್ಕೂ ನಕಲಾಗಿ, ಎರಡೂ ಪ್ರತಿಗಳು ಸೆಂಟ್ರೋಮಿಯರ್ ಹತ್ತಿರ ಅಂಟಿಕೊಂಡಿರುತ್ತವೆ. ಇವೇ ಸಿಸ್ಟರ್ ಕ್ರೊಮ್ಯಾಟಿಡ್‌ಗಳು. (ಕನ್ನಡದಲ್ಲಿ 'ಅಕ್ಕತಂಗಿ' ಅನ್ನೋಣ ಅಂದ್ರೆ ಇಲ್ಲಿ ದೊಡ್ಡವಳು ಯಾರೂ ಇಲ್ಲ. ಎರಡರಲ್ಲೂ ಡಿಎನ್ಎಯ ಒಂದು ಎಳೆ ಹಳೆಯದು, ಒಂದು ಹೊಸದು. 'ಅವಳಿ' ಅಂದರೇ ವಾಸಿ.) ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಜೋಡಿ ಒಡೆಯುತ್ತದೆ, ಎರಡನೇ ಸುತ್ತಿನಲ್ಲಿ ಅವಳಿಗಳು ಬೇರೆಯಾಗುತ್ತವೆ.

ಈ ವ್ಯತ್ಯಾಸ ಬರೀ ಮಾರ್ಕ್ಸಿನದಲ್ಲ. 21ನೇ ಕ್ರೋಮೋಸೋಮ್ ತಗೊಳ್ಳಿ. ತಾಯಿಯ ಅಂಡಾಣು ತಯಾರಾಗುವಾಗ ಮೊದಲ ಸುತ್ತಿನಲ್ಲಿ ಈ ಜೋಡಿ ಒಡೆಯದೇ ಹೋದರೆ, ಅಂಡಾಣುವಿಗೆ ಅಜ್ಜಿಯಿಂದ ಬಂದದ್ದೂ ಅಜ್ಜನಿಂದ ಬಂದದ್ದೂ ಎರಡೂ ಸೇರುತ್ತವೆ. ತಪ್ಪು ಎರಡನೇ ಸುತ್ತಿನಲ್ಲಾದರೆ ಒಂದೇ ಕ್ರೋಮೋಸೋಮಿನ ಎರಡು ಪ್ರತಿ ಸೇರುತ್ತವೆ. ತಂದೆಯಿಂದ ಇನ್ನೊಂದು ಬಂದಾಗ ಎರಡೂ ಕಡೆ ಲೆಕ್ಕ ಮೂರೇ, ಮಗುವಿಗೆ ಡೌನ್ ಸಿಂಡ್ರೋಮ್. ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ಎರಡರಲ್ಲೂ 47, ವ್ಯತ್ಯಾಸ ಕಾಣೋದಿಲ್ಲ. ಅದಕ್ಕೆ ಸೆಂಟ್ರೋಮಿಯರ್ ಪಕ್ಕದ ಡಿಎನ್ಎ ಗುರುತುಗಳನ್ನು ಹೋಲಿಸುತ್ತಾರೆ. ತಾಯಿಯಿಂದ ಬಂದ ಎರಡರಲ್ಲಿ ಗುರುತು ಬೇರೆಬೇರೆ ಇದ್ದರೆ ಸಾಮಾನ್ಯವಾಗಿ ಮೊದಲ ಸುತ್ತಿನ ತಪ್ಪು, ಒಂದೇ ಇದ್ದರೆ ಎರಡನೆಯದ್ದು. ದೂರದ ತುದಿಯ ಗುರುತುಗಳನ್ನು ಅಷ್ಟು ನಂಬೋ ಹಾಗಿಲ್ಲ, ಯಾಕಂದ್ರೆ ಕ್ರಾಸಿಂಗ್ ಓವರ್‌ನಲ್ಲಿ ಅಲ್ಲಿನ ತುಂಡುಗಳು ಅದಲುಬದಲಾಗಿರಬಹುದು. ತಾಯಿಯ ಕಡೆಯಿಂದ ಆಗುವ ತಪ್ಪುಗಳಲ್ಲಿ ಮೊದಲ ಸುತ್ತಿನವೇ ಹೆಚ್ಚು.

ನನ್ನ ತಕರಾರು ಟಿಕ್ ಹಾಕಿಸುವ ಪದ್ಧತಿಯ ಮೇಲೆ. ನಾಣ್ಯ ಚಿಮ್ಮಿದರೂ ಅರ್ಧ ಉತ್ತರ ಸರಿಯಾಗುತ್ತದೆ. "ಅವಳಿಗಳು ಬೇರೆಯಾಗೋದು ಮೈಟಾಸಿಸ್‌ನಲ್ಲಿ ಮಾತ್ರ" ಅಂದುಕೊಂಡವನೂ ಮೇಲಿನ ವಾಕ್ಯಕ್ಕೆ 'ತಪ್ಪು' ಅಂತಲೇ ಬರೆದು ಪೂರ್ತಿ ಮಾರ್ಕ್ಸ್ ತಗೊಳ್ತಾನೆ. ಅದಕ್ಕೇ ನನ್ನ ಗುಂಪಿನಲ್ಲಿ ತಪ್ಪು ಪದ ಹೊಡೆದು ಸರಿಯಾದದ್ದು ಬರೆದರೆ ಮಾತ್ರ ಅಂಕ. 'ಮೊದಲ' ಹೊಡೆದು 'ಎರಡನೇ' ಬರೆದರೂ ಆಯ್ತು, 'ಸಿಸ್ಟರ್ ಕ್ರೊಮ್ಯಾಟಿಡ್' ಹೊಡೆದು 'ಜೋಡಿ ಕ್ರೋಮೋಸೋಮ್' ಬರೆದರೂ ಆಯ್ತು.

ಪ್ರಶ್ನೆ ತೆಗೆಯುವವರೂ ಎಡವುತ್ತಾರೆ. "ಅನಾಫೇಸ್‌ನಲ್ಲಿ ಕೋಶದ ಕ್ರೋಮೋಸೋಮ್ ಸಂಖ್ಯೆ ದುಪ್ಪಟ್ಟಾಗುತ್ತದೆ" ಅನ್ನೋ ವಾಕ್ಯ ನೋಡಿದ್ದೀನಿ. ಮೈಟಾಸಿಸ್‌ನಲ್ಲಿ ಇದು ಸರಿ, ಅವಳಿಗಳು ಬಿಟ್ಟುಕೊಂಡ ಕ್ಷಣ 46 ಹೋಗಿ 92 ಆಗುತ್ತದೆ. ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ತಪ್ಪು, ಅಲ್ಲಿ 46 ಹಾಗೇ ಇರುತ್ತದೆ. ಯಾವ ಅನಾಫೇಸ್ ಅಂತ ಹೇಳದ ಪೇಪರಿನ ಮೇಲೆ ಧಾರಾಳವಾಗಿ ಜಗಳ ಆಡಿ, ನಾನೂ ಜೊತೆಗೆ ಬರ್ತೀನಿ.